ತಟ್ಟೆ ವಾಪಸ್ ಕೊಡಲ್ಲ ಮಾರಾಯಾ



ಹೋದ ಭಾನುವಾರ ರಾತ್ರಿ ಅಕ್ಕನ ಮಗ ಫೋನ್ ಮಾಡಿದ. ಚಿಕ್ಕಮಗಳೂರಿನ ಸರ್ಕಾರಿ ಹಾಸ್ಟೆಲ್ಲಿನಲ್ಲಿದ್ದಾನೆ, ಡಿಗ್ರಿ ಕೊನೇ ವರ್ಷ. ಈ ಹೊತ್ತಲ್ಲಿ ಫೋನ್ ಬಂದ್ರೆ ಒಂದೋ ದುಡ್ಡು, ಇಲ್ಲಾ ಸ್ಕಾಲರ್‌ಶಿಪ್ ತಕರಾರು ಅಂತ ನಾನು ಪೆನ್ನು ಹಿಡ್ಕೊಂಡೇ ಎತ್ತಿದೆ.

"ಮಾವ, ನನ್ ರೂಮೇಟ್ ನಾಡಿದ್ದು ರೂಮ್ ಖಾಲಿ ಮಾಡ್ತಾನೆ. ಸ್ಟೇಟಸ್‌ಗೆ ಒಂದು ಕ್ಯಾಪ್ಷನ್ ಬರ್ಕೊಡು. ಫನ್ನಿನೂ ಇರ್ಬೇಕು, ಸೆಂಟಿನೂ ಇರ್ಬೇಕು."

ಇಪ್ಪತ್ತು ವರ್ಷ ಆಫೀಸಲ್ಲಿ ಕಡತಕ್ಕೆ ಟಿಪ್ಪಣಿ ಬರೆದವನು ನಾನು. ಮನವಿ ಪತ್ರ, ಕರಪತ್ರ, ಧರಣಿ ಬ್ಯಾನರ್ರು ಎಲ್ಲ ಬರೆದಿದ್ದೀನಿ. ಕ್ಯಾಪ್ಷನ್ ಬರೆದಿರಲಿಲ್ಲ. "ನೀನು ಏನು ಬರ್ದಿದೀಯ ಓದು" ಅಂದೆ. ಓದಿದ. ಫ್ರೆಂಡ್ಸ್ ಫಾರೆವರ್, ಮಿಸ್ ಯೂ ಬ್ರೋ, ರೂಮ್ ಖಾಲಿ ಆದ್ರೂ ಹಾರ್ಟ್ ಖಾಲಿ ಆಗಲ್ಲ. ಎಲ್ಲಿಂದಲೋ ಇಳಿಸ್ಕೊಂಡಿದ್ದು ಅಂತ ಕೇಳಿದ ತಕ್ಷಣ ಗೊತ್ತಾಯ್ತು.

ಬೈಯೋಕೆ ನನಗೆ ಹಕ್ಕಿಲ್ಲ. ನಮ್ಮ ಕಾಲದಲ್ಲಿ ಆಟೋಗ್ರಾಫ್ ಪುಸ್ತಕ ಇತ್ತು. ಗುಲಾಬಿ, ನೀಲಿ, ಹಳದಿ ಹಾಳೆಗಳು. ಅದರಲ್ಲೂ ಇದೇ ಕಥೆ. ಒಬ್ಬ ಸಮುದ್ರ, ದೋಣಿ ಅಂತ ಬರೆದ್ರೆ ಮುಂದಿನ ಹತ್ತು ಜನ ಅದನ್ನೇ ನಕಲು ಹೊಡೀತಿದ್ವಿ. ಸಮುದ್ರ ನೋಡಿದವನು ನಮ್ಮಲ್ಲಿ ಒಬ್ಬನೂ ಇರಲಿಲ್ಲ. ನೋಡಿದ್ದೆಲ್ಲ ಹೇಮಾವತಿ, ಭದ್ರಾ, ಮತ್ತೆ ಜೂನ್ ತಿಂಗಳ ಹಾಸ್ಟೆಲ್ ಬಚ್ಚಲುಮನೆ.

"ಅವನ ಬಗ್ಗೆ ಮೂರು ವಿಷಯ ಹೇಳು" ಅಂದೆ. "ಅವನ ವಸ್ತು ಯಾವುದು ನಿನ್ನ ಹತ್ರ ಉಳಿದಿದೆ? ನಿನ್ನದು ಏನು ಅವನ ಹತ್ರ ಇದೆ? ನಾಳೆಯಿಂದ ರೂಮಲ್ಲಿ ಯಾವ ಸದ್ದು ಇರಲ್ಲ?"

ಯೋಚನೆ ಮಾಡಿ ಹೇಳ್ತೀನಿ ಅಂತ ಇಟ್ಟ. ಫೋನ್ ಇಟ್ಟ ಮೇಲೆ ನಾನು ಎದ್ದು ಹೋಗಿ ಅಡುಗೆಮನೆ ಸ್ಟ್ಯಾಂಡಿನಿಂದ ಒಂದು ತಟ್ಟೆ ತೆಗೆದುನೋಡಿದೆ. ಮೇಲಿನ ಫೋಟೋದಲ್ಲಿ ಇರೋದು ಅದೇ.

---

1998ರಲ್ಲಿ ನಾನು ಬಿ.ಎ.ಗೆ ಸೇರಿದ್ದು. ಮೂಡಿಗೆರೆ ಹತ್ತಿರದ ಒಂದು ಕಾಫಿ ತೋಟದ ಲೈನ್ ಮನೆಯಿಂದ ಟ್ರಂಕು ಹೊತ್ಕೊಂಡು ಹಾಸ್ಟೆಲ್ಲಿಗೆ ಬಂದೆ. ಲೈನ್ ಮನೆ ಗೊತ್ತಿಲ್ಲದವರಿಗೆ ಹೇಳ್ತೀನಿ. ಒಂದೇ ಉದ್ದನೆ ಕಟ್ಟಡ, ಅದನ್ನ ಅಡ್ಡಗೋಡೆ ಹಾಕಿ ಭಾಗ ಮಾಡಿರ್ತಾರೆ, ಒಂದೊಂದು ಭಾಗಕ್ಕೆ ಒಂದೊಂದು ಸಂಸಾರ. ಕೆಲಸ ಇರೋ ತನಕ ಮನೆ. ಕೆಲಸ ಬಿಟ್ರೆ ಮನೆಯೂ ಬಿಡಬೇಕು. ಹಂಗಾಗಿ ರೂಮ್ ಖಾಲಿ ಮಾಡೋದು ನಮಗೆ ಹೊಸದೇನಲ್ಲ, ಹುಟ್ಟಿದಾಗಿಂದ ನೋಡಿದ್ದು. ಆದ್ರೆ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದು ಇದು ನಿನ್ನ ಜಾಗ ಅಂತ ಕೊಟ್ಟ ಮೊದಲ ರೂಮು ಹಾಸ್ಟೆಲ್ಲಿನದು.

ನಾಲ್ಕು ಜನರ ರೂಮು. ಹಾಸ್ಟೆಲ್ಲಲ್ಲಿ ಯಾರಿಗೂ ಸ್ವಂತ ಹೆಸರು ಇರಲಿಲ್ಲ, ಊರಿನ ಹೆಸರೇ ಹೆಸರು. ನಾನು ಮೂಡಿಗೆರೆ. ನನ್ನ ಪಕ್ಕದ ಚಾಪೆಯವನು ಕಳಸ. ಆಗ ಕಳಸ ಮೂಡಿಗೆರೆ ತಾಲ್ಲೂಕಿಗೇ ಸೇರಿತ್ತು. ಅದಕ್ಕೆ ನಾನು ಅವನಿಗೆ "ನೀನು ನನ್ ಹೋಬಳಿ, ಹೇಳಿದಂಗೆ ಕೇಳ್ಬೇಕು" ಅಂತ ರೇಗಿಸ್ತಿದ್ದೆ. ಈಗ ಕಳಸವೇ ತಾಲ್ಲೂಕಾಗಿದೆ. ಅದಾದ ದಿನ ಅವನು ಫೋನ್ ಮಾಡಿ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಸಮಸಮ ಮಾರಾಯ."

ಅವನು ಗೊರಕೆ ಹೊಡೀತಿದ್ದ ರೀತಿಗೆ ಗೋಡೆ ಆಚೆ ರೂಮಿನವರು ಬಂದು ಬಾಗಿಲು ಬಡೀತಿದ್ರು. ಮಳೆಗಾಲದಲ್ಲಿ ಬಟ್ಟೆ ಒಣಗ್ತಿರಲಿಲ್ಲ. ರೂಮಿನ ಅಡ್ಡಕ್ಕೆ ಹಗ್ಗ ಕಟ್ಟಿ ನಾಲ್ಕು ಜನರದ್ದೂ ಸಾಲಾಗಿ ನೇತುಹಾಕ್ತಿದ್ವಿ. ಬೆಳಗ್ಗೆ ಯಾವುದು ಸ್ವಲ್ಪ ಒಣಗಿದೆಯೋ ಅದು ಮೊದಲು ಎದ್ದವನದ್ದು. ಕಳಸ ಎಲ್ಲರಿಗಿಂತ ಮೊದಲು ಏಳ್ತಿದ್ದ. ಹಂಗಾಗಿ ಎರಡು ಮಳೆಗಾಲ ನಾನು ಹಸಿ ಬನಿಯನ್ ಹಾಕ್ಕೊಂಡೇ ಇತಿಹಾಸದ ಪಾಠ ಕೇಳಿದ್ದೀನಿ.

ಊರಿಂದ ಬರೋವಾಗ ಅವನು ಕಾಫಿ ಪುಡಿ ತರ್ತಿದ್ದ, ನಾನು ಬೆಲ್ಲ. ಹಾಲಿಗೆ ದುಡ್ಡಿರಲಿಲ್ಲ. ತೋಟದವರ ಮಕ್ಕಳು ನಾವು, ಲೈನಲ್ಲಿ ಕುಡಿದು ಬೆಳೆದಿದ್ದೂ ಬೆಲ್ಲದ ಕಪ್ಪು ಕಾಫಿನೇ. ಡಿಸೆಂಬರ್ ರಜೆಗೆ ಊರಿಗೆ ಹೋದ್ರೆ ಕಾಫಿ ಹಣ್ಣು ಕುಯ್ಯೋಕೆ ಹೋಗ್ತಿದ್ವಿ, ಕೆ.ಜಿ. ಲೆಕ್ಕದಲ್ಲಿ ಕೂಲಿ. ಅವನು ನನಗಿಂತ ಜಾಸ್ತಿ ಕುಯ್ತಿದ್ದೆ ಅಂತ ಈಗಲೂ ಹೇಳ್ತಾನೆ. ಇಬ್ಬರೂ ಬೇರೆ ಬೇರೆ ತೋಟದಲ್ಲಿ ಕುಯ್ದಿದ್ದು, ತೂಕ ನೋಡಿದವರು ಯಾರು?

---

ಈಗ ತಟ್ಟೆ ವಿಷಯಕ್ಕೆ ಬರ್ತೀನಿ.

ನಮ್ಮ ಹಾಸ್ಟೆಲ್ಲಿಗೆ ತಟ್ಟೆ ಲೋಟ ನಾವೇ ತರಬೇಕಿತ್ತು. ನನ್ನ ಅವ್ವ ಕಾಫಿ ಕುಯ್ದ ದುಡ್ಡಲ್ಲಿ ಸ್ಟೀಲ್ ತಟ್ಟೆ ತಗೊಂಡು, ಪಾತ್ರೆ ಅಂಗಡಿಯಲ್ಲೇ ಚುಕ್ಕಿ ಚುಕ್ಕಿಯಾಗಿ ತನ್ನ ಹೆಸರು ಕೆತ್ತಿಸಿದ್ದಳು. ತಂದ ದಿನವೇ ಕೈತಪ್ಪಿ ಬಿದ್ದು ಅಂಚಲ್ಲಿ ಒಂದು ಕಡೆ ತಗ್ಗಾಗಿತ್ತು. ಕಳಸನ ತಟ್ಟೆ ಮೇಲೆ ಅವನ ಅಜ್ಜಿಯ ಹೆಸರು. ಊಟಕ್ಕೆ ಗಂಟೆ ಹೊಡೆದ ತಕ್ಷಣ ಓಡಬೇಕು, ತಡ ಆದ್ರೆ ಸಾರಲ್ಲಿ ತರಕಾರಿ ಇರಲ್ಲ. ಓಡೋ ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ ತಟ್ಟೆ ಎತ್ಕೊಳ್ತಿದ್ವಿ. ಮೊದಲ ತಿಂಗಳು "ಏ ಅದು ನಂದು ಕೊಡೋ" ಅಂತ ಕಿತ್ಕೊಂಡ್ವಿ. ಆಮೇಲೆ ಬಿಟ್ವಿ.

ತಟ್ಟೆ ಲೋಟ ಅಂದ್ರೆ ನಮಗೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಚಿಕ್ಕವನಿದ್ದಾಗ ಸಾಹುಕಾರರ ಮನೆ ಹಿಂಬಾಗಿಲಿಗೆ ಅವ್ವನ ಜೊತೆ ಹೋದ್ರೆ ಗೋಡೆ ಮೇಲೆ ಬೋರಲು ಹಾಕಿಟ್ಟ ಲೋಟ ನಾವೇ ತಗೋಬೇಕು. ಮೇಲಿಂದ ಕಾಫಿ ಹುಯ್ತಾರೆ. ಕುಡಿದು, ತೊಳೆದು, ಮತ್ತೆ ಬೋರಲು ಹಾಕಬೇಕು. ಆ ಲೋಟ ನೋಡ್ಕೊಂಡು ಬೆಳೆದವನು ನಾನು.

ಆದ್ರೆ ಈ ಕಥೆಯಲ್ಲಿ ಸಾಹುಕಾರರು ಇಲ್ಲ. ನನ್ನ ಅವ್ವ ಇದ್ದಾಳೆ.

ಮೊದಲ ವರ್ಷದ ದೀಪಾವಳಿ ರಜೆ. ಕಳಸಕ್ಕೆ ಹೋಗೋ ಬಸ್ಸು ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಹೋಗ್ಬೇಕು. ಬಸ್ಸು ಮೂಡಿಗೆರೆಗೆ ಬರೋಷ್ಟರಲ್ಲಿ ಕತ್ತಲಾಗಿತ್ತು, ಮುಂದಿನ ಬಸ್ಸು ತಪ್ಪಿಹೋಗಿತ್ತು. "ನಮ್ಮನೇಲಿ ಉಳ್ಕೊಂಡು ಬೆಳಗ್ಗೆ ಹೋಗು" ಅಂತ ಕರ್ಕೊಂಡು ಹೋದೆ. ಅವ್ವ ಖುಷಿಯಾಗಿ ನೀರು ಕೊಟ್ಟಳು. ಆಮೇಲೆ ನನ್ನನ್ನ ಒಲೆ ಹತ್ರ ಕರೆದು ಮೆಲ್ಲಗೆ ಕೇಳಿದಳು: "ಯಾರ ಪೈಕಿ ಮಗ?"

ಹೇಳಿದೆ. ನಾವು ಹೊಲೆಯರು, ಅವನು ಮಾದಿಗ. ನಮ್ಮದು ಬಲಗೈ, ಅವರದ್ದು ಎಡಗೈ. ಹೊರಗಿನವರಿಗೆ ಇಬ್ಬರೂ ಒಂದೇ, ಒಳಗೆ ನಮಗೆ ನಾವೇ ಗೆರೆ ಎಳ್ಕೊಂಡಿದ್ದೀವಿ. ಅವ್ವ ಏನೂ ಅನ್ಲಿಲ್ಲ. ಹಿತ್ತಲಿಗೆ ಹೋಗಿ ಒಂದು ಬಾಳೆಎಲೆ ಕುಯ್ಕೊಂಡು ಬಂದಳು. ನನಗೆ, ತಂಗಿಗೆ ತಟ್ಟೆ. ಅವನಿಗೆ ಮಾತ್ರ ಬಾಗಿಲ ಹತ್ರ ಎಲೆ.

ನನಗೆ ಬಾಯೇ ಬರಲಿಲ್ಲ. ಇದನ್ನ ಇವತ್ತಿಗೂ ಒಪ್ಕೊಳ್ತೀನಿ. ಹಾಸ್ಟೆಲ್ಲಲ್ಲಿ ಬಾಬಾಸಾಹೇಬರ ಬಗ್ಗೆ ಮೈಕ್ ಹಿಡಿದು ಭಾಷಣ ಮಾಡಿದವನು, ನಮ್ಮನೆ ಒಲೆ ಮುಂದೆ ತಲೆ ತಗ್ಗಿಸ್ಕೊಂಡು ಕೂತೆ.

ಕಳಸ ಎಲೆ ನೋಡಿದ, ನನ್ನ ಮುಖ ನೋಡಿದ. ಆಮೇಲೆ ಚೀಲಕ್ಕೆ ಕೈಹಾಕಿ ತಟ್ಟೆ ತೆಗೆದ. ರಜೆಗೆ ಹೋಗುವಾಗ ಹಾಸ್ಟೆಲ್ಲಲ್ಲಿ ತಟ್ಟೆ ಬಿಟ್ರೆ ಮಾಯ ಆಗ್ತಿತ್ತು, ಅದಕ್ಕೆ ಎಲ್ಲರೂ ಜೊತೆಗೇ ಒಯ್ತಿದ್ವಿ. "ಎಲೆ ಯಾಕವ್ವ, ಸುಮ್ನೆ ತೊಂದ್ರೆ. ನನ್ ತಟ್ಟೆ ಇದೆ" ಅಂತ ಮುಂದೆ ಹಿಡಿದ.

ಅವ್ವನಿಗೆ ಓದೋಕೆ ಬರಲ್ಲ. ಆದ್ರೆ ಅಂಚಿನ ಆ ತಗ್ಗು ಗೊತ್ತು.

"ಅಯ್ಯೋ, ಇದು ನನ್ ತಟ್ಟೆ ಅಲ್ವೇನೋ!"

"ಹೂಂ ಅವ್ವ. ಮೂರು ತಿಂಗಳಿಂದ ಇದ್ರಲ್ಲೇ ಉಣ್ತಿದೀನಿ. ಇವನು ನಮ್ಮಜ್ಜಿ ತಟ್ಟೇಲಿ ಉಣ್ತಾನೆ."

ಚೀಲ ಬಿಚ್ಚಿ ನೋಡಿದ್ರೆ ನನ್ನ ಹತ್ರ ಅವನ ಅಜ್ಜಿ ತಟ್ಟೆ. ತಂಗಿ ಕಿಸಕ್ಕನೆ ನಕ್ಕಳು. ಅವ್ವ ಸ್ವಲ್ಪ ಹೊತ್ತು ಸೌಟು ಹಿಡ್ಕೊಂಡು ನಿಂತಳು. ಆಮೇಲೆ ಎಲೆ ಎತ್ತಿ ಪಕ್ಕಕ್ಕಿಟ್ಟು ಅದೇ ತಟ್ಟೆಗೆ ಅನ್ನ ಬಡಿಸಿದಳು. ಅವ್ವ ಆ ರಾತ್ರಿಯೇ ಪೂರ್ತಿ ಬದಲಾದಳು ಅಂತ ನಾನು ಸುಳ್ಳು ಹೇಳಲ್ಲ. ಉಂಡ ಮೇಲೆ ಅವನು ತಟ್ಟೆ ತೊಳೆಯೋಕೆ ಎದ್ದ, ಅವಳು ಬೇಡ ಅನ್ನಲಿಲ್ಲ. ಅದರ ಮುಂದಿನ ವರ್ಷ ಬಂದಾಗ ಕೈಯಿಂದ ಕಿತ್ಕೊಂಡು ತಾನೇ ತೊಳೆದಳು. ಒಂದು ವರ್ಷ ಬೇಕಾಯ್ತು.

---

2001ರಲ್ಲಿ ಕೊನೇ ಪರೀಕ್ಷೆ ಮುಗೀತು. ಹಾಸ್ಟೆಲ್ ಬಿಡೋದು ಅಂದ್ರೆ ಅಳೋದು ಆಮೇಲೆ, ಮೊದಲು ನೋ ಡ್ಯೂ. ವಾರ್ಡನ್ ರಿಜಿಸ್ಟರ್ ತೆಗೆದು ಒಂದೊಂದೇ ಟಿಕ್ ಹಾಕ್ತಾರೆ. ಹಾಸಿಗೆ, ದಿಂಬು, ರೂಮಿನ ಬೀಗದ ಕೈ. ಕಾಲೇಜು ಲೈಬ್ರರಿಯಲ್ಲೂ ಬಾಕಿ ಇರಬಾರದು, ಇದ್ರೆ ಟಿ.ಸಿ. ಸಿಗಲ್ಲ. ನಾನು ಒಂದು ಪುಸ್ತಕ ತಡವಾಗಿ ಕೊಟ್ಟಿದ್ದಕ್ಕೆ 35 ರೂಪಾಯಿ ದಂಡ ಬಿದ್ದಿತ್ತು. ಜೇಬಲ್ಲಿ ಬಸ್ ಚಾರ್ಜ್ ಬಿಟ್ಟು ಏನಿರಲಿಲ್ಲ. ಕಳಸ ಕಟ್ಟಿದ. ಕಟ್ಟಿ, ಅವನ ಬಸ್ಸಿಗೆ ದುಡ್ಡು ಸಾಲದೆ ಪರಿಚಯದ ಕಂಡಕ್ಟರ್ ಹತ್ರ ಸಾಲ ಹೇಳಿ ಹೋದ.

ಹೋಗುವಾಗ ನನ್ನ ಆಟೋಗ್ರಾಫ್‌ನಲ್ಲಿ ಅವನು ಬರೆದಿದ್ದು ದೋಣಿಯಲ್ಲ, ಸಮುದ್ರ ಅಲ್ಲ. "35 ರೂಪಾಯಿ. ಮರೀಬೇಡ." ಕೆಳಗೆ ಸಹಿ, ದಿನಾಂಕ. ಆವತ್ತು ನನಗೆ ಸಿಟ್ಟು ಬಂತು. ಈಗ ಆ ಪುಸ್ತಕದಲ್ಲಿ ನಾನು ತೆರೆದು ನೋಡೋದು ಆ ಹಾಳೆ ಒಂದೇ.

ಆರು ತಿಂಗಳಾದ ಮೇಲೆ ಕೆಲಸ ಹುಡುಕೋಕೆ ಇಬ್ಬರೂ ಮತ್ತೆ ಪೇಟೆಗೆ ಬಂದು ಬಾಡಿಗೆ ರೂಮ್ ಹುಡುಕಿದ್ವಿ. ಒಂದು ಮನೆ ಯಜಮಾನರು ಊರು ಕೇಳಿದ್ರು, ಅಪ್ಪನ ಹೆಸರು ಕೇಳಿದ್ರು, ಕೊನೆಗೆ "ಯಾವ ಜನ?" ಅಂದ್ರು. ಹೇಳಿದ್ವಿ. ರೂಮು ನಿನ್ನೆ ತಾನೇ ಕೊಟ್ಟಾಯ್ತು ಅಂದ್ರು. ಗೇಟಿನ ಮೇಲೆ ಬಾಡಿಗೆಗಿದೆ ಅನ್ನೋ ಬೋರ್ಡು ಹಾಗೇ ನೇತಾಡ್ತಿತ್ತು. ವಾಪಸ್ ಬರ್ತಾ ಕಳಸ ಅಂದ: "ನೋಡ್ದಾ, ಎಡ ಬಲ ಅಂತ ಅವ್ರು ಕೇಳ್ಲೇ ಇಲ್ಲ. ಎಷ್ಟು ಸಮಾನತೆ!" ಬಿದ್ದು ಬಿದ್ದು ನಕ್ವಿ. ನಗದೆ ಇನ್ನೇನು ಮಾಡೋದು.

ರೂಮು ಅಂದಾಗ ನನಗೆ ಬಾಬಾಸಾಹೇಬರು ನೆನಪಾಗ್ತಾರೆ. 1913ರಲ್ಲಿ ನ್ಯೂಯಾರ್ಕಿಗೆ ಓದೋಕೆ ಹೋದಾಗ ಕೊಲಂಬಿಯಾದ ಲಿವಿಂಗ್‌ಸ್ಟನ್ ಹಾಲ್‌ನಲ್ಲಿ ಅವರಿಗೊಬ್ಬ ರೂಮೇಟ್ ಇದ್ದ. ನವಲ್ ಭಥೇನಾ, ಪಾರ್ಸಿ ಹುಡುಗ. ಓದು ಮುಗಿಸಿ 1917ರಲ್ಲಿ ಬರೋಡಾಕ್ಕೆ ಕೆಲಸಕ್ಕೆ ಬಂದರೆ ಬಾಬಾಸಾಹೇಬರಿಗೆ ಇರೋಕೆ ಜಾಗ ಇಲ್ಲ. ಪಾರ್ಸಿ ಹೆಸರು ಬರೆಸಿ ಒಂದು ಪಾರ್ಸಿ ವಸತಿಗೃಹದಲ್ಲಿ ಉಳಿದರು. ಹನ್ನೊಂದನೇ ದಿನ ದೊಣ್ಣೆ ಹಿಡ್ಕೊಂಡು ಬಂದು ಹೊರಹಾಕಿದರು. ಪರಿಚಯದ ಇಬ್ಬರನ್ನ ಕೇಳಿದರೆ ಇಬ್ಬರೂ ನೆಪ ಹೇಳಿದರು. ಪಾರ್ಕಿನಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಹೊರಟರು. ವೇಟಿಂಗ್ ಫಾರ್ ಎ ವೀಸಾದಲ್ಲಿ ಅವರೇ ಬರೆದಿದ್ದಾರೆ. ಮುಂದೆ 1920ರಲ್ಲಿ ಅರ್ಧಕ್ಕೆ ನಿಂತ ಓದು ಮುಗಿಸೋಕೆ ಮತ್ತೆ ಲಂಡನ್ನಿಗೆ ಹೊರಟಾಗ ಸಾಲ ಕೊಟ್ಟವರಲ್ಲಿ ಒಬ್ಬರು ಯಾರು ಗೊತ್ತಾ? ಅದೇ ರೂಮೇಟ್ ಭಥೇನಾ. ದೊಣ್ಣೆ ಹಿಡಿದವರೂ ಪಾರ್ಸಿಗಳೇ, ಸಾಲ ಕೊಟ್ಟವನೂ ಪಾರ್ಸಿಯೇ. ವ್ಯತ್ಯಾಸ ಇಷ್ಟೇ, ಇವನು ಅವರ ಜೊತೆ ಒಂದೇ ರೂಮಲ್ಲಿ ಮಲಗಿ ಎದ್ದಿದ್ದ.

---

ಈ ಕಥೆ ಈಗ ಯಾಕೆ ಅಂತೀರಾ? 2024ರ ಆಗಸ್ಟ್ 1ರಂದು ಒಳಮೀಸಲಾತಿ ಮಾಡಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಅವತ್ತಿಂದ ನಮ್ಮ ಗ್ರೂಪುಗಳನ್ನ ನೋಡ್ತಾ ಇದ್ದೀನಿ. ಒಂದೇ ಧರಣಿಯಲ್ಲಿ ಪಕ್ಕಪಕ್ಕ ಕೂತವರು, ಒಂದೇ ಹಾಸ್ಟೆಲ್ಲಲ್ಲಿ ಉಂಡವರು, ಒಬ್ಬರನ್ನೊಬ್ಬರು ಗ್ರೂಪಿನಿಂದ ತೆಗೆದು ಹಾಕ್ತಿದ್ದಾರೆ. ನನ್ನ ಕಡೆಯವರೇ ಕೆಲವರು ನನಗೆ ಬರೆದಿದ್ದಾರೆ, "ನೀನು ಯಾರ ಪರ?" ಅಂತ.

ನಾನು ಹಾಸ್ಟೆಲ್ ಊಟದ ಸಾಲಲ್ಲಿ ನಿಂತವನು. ಸಾರಿನ ಹಂಡೆ ಒಂದೇ, ಸೌಟೂ ಒಂದೇ. ಆದ್ರೂ ಸಾಲಿನ ಮುಂದೆ ನಿಂತವನಿಗೆ ತರಕಾರಿ, ಹಿಂದಿನವನಿಗೆ ಬರೀ ನೀರು. ಹಿಂದೆ ನಿಂತವನು "ನನಗೂ ತಳದಿಂದ ಕಲಸಿ ಬಡಿಸಿ" ಅಂದ್ರೆ ಅದು ಹಂಡೆ ಒಡೆಯೋದು ಹೇಗಾಗುತ್ತೆ? ಕಳಸ ಆ ಮಾತು ಕೇಳಿದಾಗ ನನಗೆ ಬೇಜಾರಾಗಲಿಲ್ಲ ಅಂದ್ರೆ ಸುಳ್ಳು. ನಮ್ಮಿಬ್ಬರ ನಡುವೆ ಎರಡು ತಿಂಗಳು ಫೋನ್ ಇರಲಿಲ್ಲ. ಯಾರಿಗೆ ಎಷ್ಟು ಪಾಲು ಅನ್ನೋದರ ಮೇಲೆ ಈಗಲೂ ನಾವು ವಾದ ಮಾಡ್ತೀವಿ. ಆದ್ರೆ ಆ ಎರಡು ತಿಂಗಳೂ ನಾನು ಉಂಡಿದ್ದು ಅವನ ಅಜ್ಜಿ ಹೆಸರಿನ ತಟ್ಟೆಯಲ್ಲೇ. ಕೊನೆಗೆ ನಾನೇ ಫೋನ್ ಮಾಡಿ, "ಬಾಗಿಲ ಹತ್ರ ಎಲೆ ಹಾಕಿದ ದಿನ ನಾನು ಬಾಯಿ ಬಿಡಬೇಕಿತ್ತು ಕಣೋ" ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೂಂ, ಬಿಡಬೇಕಿತ್ತು. ಮತ್ತೆ 35 ರೂಪಾಯಿ?" ಅಂದ.

---

ಅಳಿಯ ಮಾರನೇ ದಿನ ಮತ್ತೆ ಫೋನ್ ಮಾಡಿದ. ಉತ್ತರ ರೆಡಿ ಇತ್ತು.

ರೂಮೇಟ್ ತರೀಕೆರೆ ಕಡೆ ತಾಂಡಾದ ಲಂಬಾಣಿ ಹುಡುಗ. ಪೊಲೀಸ್ ಪರೀಕ್ಷೆಗೆ ತಯಾರಿ. 1600 ಮೀಟರ್ ಓಡೋಕೆ ಬೆಳಗ್ಗೆ ಏಳಬೇಕು ಅಂತ ಐದು ಅಲಾರಂ ಇಡ್ತಿದ್ದ. ಐದಕ್ಕೂ ಇಡೀ ರೂಮು ಏಳ್ತಿತ್ತು, ಅವನೊಬ್ಬ ಬಿಟ್ಟು. ಅಳಿಯನ ಶೂ ಹಾಕ್ಕೊಂಡೇ ಓಡಿ ಪಾಸಾಗಿದ್ದಾನೆ, ಶೂ ಅವನ ಹತ್ರವೇ ಇದೆ. ಅವನ ಅವ್ವ ಕಳಿಸಿದ ಚಟ್ನಿಪುಡಿ ಡಬ್ಬಿ ಇವನ ಹತ್ರ ಉಳಿದಿದೆ. ಆ ಅವ್ವನನ್ನ ನನ್ನ ಅಳಿಯನೂ "ಯಾಡಿ" ಅಂತಾನೆ, ಅವರ ಭಾಷೆಯಲ್ಲಿ ಅವ್ವ ಅಂದ್ರೆ ಹಾಗೇ.

ಅವನ ಲವ್ ವಿಷಯ, ಅಡ್ಡಹೆಸರು, ಫೇಲಾದ ಸಬ್ಜೆಕ್ಟು ಎಲ್ಲ ಸೇರಿಸಿದ್ದ. ಅದನ್ನೆಲ್ಲ ತೆಗೆಸಿದೆ. ಸ್ಟೇಟಸ್ 24 ಗಂಟೆ ಇರುತ್ತೆ, ಅಷ್ಟರಲ್ಲಿ ಅವನ ಅಣ್ಣ, ಅತ್ತೆ, ಊರಿನವರು ಎಲ್ಲ ನೋಡ್ತಾರೆ. ಸ್ಕ್ರೀನ್‌ಶಾಟ್ ತೆಗೆದ್ರೆ ಜೀವಮಾನ ಇರುತ್ತೆ. ನಗು ಅವನ ನಿದ್ದೆ ಮೇಲೆ ಇರಲಿ, ಮರ್ಯಾದೆ ಮೇಲೆ ಬೇಡ ಅಂದೆ. ಕೊನೆಗೆ ಉಳಿದಿದ್ದು ಇಷ್ಟು:

"ಐದು ಅಲಾರಂ ಇಟ್ಟು ನಮ್ಮನ್ನೆಲ್ಲ ಎಬ್ಬಿಸಿ ತಾನು ಮಲಗ್ತಿದ್ದವನು ಇವತ್ತು ಹೋದ. ನಾಳೆ ಬೆಳಗ್ಗೆ ಐದಕ್ಕೆ ನನಗೆ ಎಚ್ಚರ ಆಗುತ್ತೆ, ಸದ್ದು ಇರಲ್ಲ. ಶೂ ನೀನೇ ಇಟ್ಕೊ, ಓಡು. ಯಾಡಿಗೆ ಹೇಳು, ಡಬ್ಬಿ ಖಾಲಿಯಾಗಿದೆ."

"ಮಾವ, ಇದ್ರಲ್ಲಿ ಮಿಸ್ ಯೂನೇ ಇಲ್ವಲ್ಲ?" ಅಂದ. "ಡಬ್ಬಿ ಖಾಲಿಯಾಗಿದೆ ಅಂದ್ರೆ ಅದೇ ಅರ್ಥ ಕಣೋ" ಅಂದೆ. ಹಾಕಿದ. ಸಂಜೆ ಹೊತ್ತಿಗೆ ಆ ಕಡೆಯಿಂದ ಉತ್ತರ ಬಂತಂತೆ, ಯಾಡಿ ಮುಂದಿನ ವಾರ ಎರಡು ಡಬ್ಬಿ ಕಳಿಸ್ತಾರೆ.

ಹಂಗಾದ್ರೆ ಇಪ್ಪತ್ತಮೂರು, ಇಪ್ಪತ್ನಾಲ್ಕು ವರ್ಷ ತಡವಾಗಿ ನಂದೂ ಒಂದು ಕ್ಯಾಪ್ಷನ್ ಇರಲಿ, ಮೇಲಿನ ಫೋಟೋಗೆ. ಕಳಸ, ಇದನ್ನ ನೀನು ಓದ್ತೀಯ ಅಂತ ಗೊತ್ತು, ಲೈಕ್ ಒತ್ತಲ್ಲ ಅಂತಲೂ ಗೊತ್ತು.

"ನನ್ನ ಅವ್ವನ ತಟ್ಟೆ ನಿನ್ನ ಹತ್ರ, ನಿನ್ನ ಅಜ್ಜಿ ತಟ್ಟೆ ನನ್ನ ಹತ್ರ. ನೋ ಡ್ಯೂನಲ್ಲಿ ವಾರ್ಡನ್ ಇದನ್ನ ನೋಡಲೇ ಇಲ್ಲ. 35 ರೂಪಾಯಿ ಬೇಕಾದ್ರೆ ನಾಳೆನೇ ಕಳಿಸ್ತೀನಿ. ತಟ್ಟೆ ಮಾತ್ರ ವಾಪಸ್ ಕೊಡಲ್ಲ ಮಾರಾಯಾ, ನೀನೂ ಕೊಡಬೇಡ."

ಜೈ ಭೀಮ್.